ಪದಚರ್ಚೆ: ‘ಕಳಚಿದೆ’ ಅಂದರೆ ಕಣ್ಣಲ್ಲಿ ಕಳಚಿದ್ದು ಯಾವುದು?

ಹಾಸನದಿಂದ

ಎಲ್ಲರಿಗೂ ನಮಸ್ಕಾರ. ಒಂದು ಪದದಿಂದಾಗಿ ನಮ್ಮ ಮನೆಯಲ್ಲಿ ಎರಡು ದಿನ ಯಾರಿಗೂ ಊಟ ಸೇರಲಿಲ್ಲ. ಅದಕ್ಕೇ ಕೇಳುತ್ತಿದ್ದೇನೆ.

ನಮ್ಮ ಮಾವನವರಿಗೆ 64 ವರ್ಷ. ಹೋದ ಸೋಮವಾರ ರಾತ್ರಿ ಎದ್ದಾಗ ಬಲಗಣ್ಣಿನ ಪಕ್ಕದಲ್ಲಿ ಮಿಂಚು ಹೊಡೆದ ಹಾಗಾಯಿತಂತೆ. ಲೈಟ್ ಹಾಕಿದರೆ ಏನೂ ಇಲ್ಲ. ಆರಿಸಿ ಕಣ್ಣು ಹೊರಳಿಸಿದರೆ ಮತ್ತೆ ಮಿಂಚು. ಬೆಳಿಗ್ಗೆ ಪೇಪರ್ ಓದುವಾಗ ಅಕ್ಷರಗಳ ಮೇಲೆ ಒಂದು ಸೊನ್ನೆ ಓಡಾಡುತ್ತಿತ್ತು. ಜೊತೆಗೆ ಕೂದಲಿನ ಥರ ಎರಡು ಎಳೆ. ನೊಣ ಅಂತ ಕೈ ಬೀಸಿ ಓಡಿಸಲು ನೋಡಿದರು. ಅವತ್ತೇ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಡ್ರಾಪ್ಸ್ ಹಾಕಿ, ಕೂರಿಸಿ, ಮಲಗಿಸಿ ಎಲ್ಲಾ ನೋಡಿದರು. ಚೀಟಿಯಲ್ಲಿ ಪಿ.ವಿ.ಡಿ. ಅಂತ ಬರೆದಿದ್ದಾರೆ. ಹೊರಗೆ ಡ್ರಾಪ್ಸ್ ಹಾಕುತ್ತಿದ್ದ ಹುಡುಗಿ ಕನ್ನಡದಲ್ಲಿ ಹೇಳಿದ್ದು ಇಷ್ಟು: “ಒಳಗಿನ ಪೊರೆ ಕಳಚಿದೆ, ಏನೂ ತೊಂದರೆ ಇಲ್ಲ, ಆರು ವಾರ ಬಿಟ್ಟು ಬನ್ನಿ.”

ಅತ್ತೆಗೆ ‘ಪೊರೆ’ ಅಂದ ಕೂಡಲೇ ಗಾಬರಿ. “ಎರಡು ವರ್ಷದ ಹಿಂದೆ ಪೊರೆ ಆಪರೇಷನ್ ಆಯ್ತಲ್ಲ, ಮತ್ತೆ ಬಂತಾ?” ಅಂದರು. ಮೈದುನ ‘ಕಳಚಿದೆ’ ಅನ್ನುವುದನ್ನು ಹಿಡಿದುಕೊಂಡ. ಕಣ್ಣಿನ ಪರದೆ ಕಳಚಿದರೆ ಕುರುಡಾಗುತ್ತೆ, ಇವತ್ತೇ ಬೆಂಗಳೂರಿಗೆ ಹೊರಡೋಣ ಅಂತ ಗಾಡಿ ತೆಗೆದ. ಫೋನ್ ಮಾಡಿ ಡಾಕ್ಟರನ್ನೇ ಕೇಳಿದ ಮೇಲೆ ಸಮಾಧಾನವಾಯಿತು.

ನನ್ನ ಪ್ರಶ್ನೆ: ಆ ತೇಲುವ ಚುಕ್ಕೆಗಳಿಗೆ, ಆ ಮಿಂಚಿಗೆ, ಈ ‘ಕಳಚಿದೆ’ ಅನ್ನುವುದಕ್ಕೆ ಕನ್ನಡದಲ್ಲಿ ಗೊಂದಲ ಆಗದ ಮಾತು ಯಾವುದು? ನಮ್ಮ ಊರಿನ ವಾಚನಾಲಯದ ಬೋರ್ಡಿಗೆ ಒಂದು ಪುಟ ಬರೆದು ಹಾಕಬೇಕೆಂದಿದ್ದೇನೆ.

ಬೆಂಗಳೂರಿನಿಂದ

ಪಿ.ವಿ.ಡಿ. ಅಂದರೆ ಕಾಲಿನ ರಕ್ತನಾಳ ಕಟ್ಟಿಕೊಳ್ಳುವ ಕಾಯಿಲೆ ಅಲ್ವಾ? ನಮ್ಮ ಅಣ್ಣನಿಗೆ ಸಕ್ಕರೆ ಕಾಯಿಲೆಯಿಂದ ಅದೇ ಆಗಿತ್ತು, ಚೀಟಿಯಲ್ಲಿ ಅದೇ ಮೂರು ಅಕ್ಷರ. ನಡೆದರೆ ಮೀನಖಂಡ ಹಿಡಿದುಕೊಳ್ಳುತ್ತಿತ್ತು. ನಿಮ್ಮ ಮಾವನವರ ಕಾಲನ್ನೂ ಒಮ್ಮೆ ತೋರಿಸಿ.

ಧಾರವಾಡದಿಂದ

ಬೆಂಗಳೂರಿನ ಮಿತ್ರರೇ, ಅಕ್ಷರ ಅದೇ ಇದ್ದರೂ ಇದು ಕಣ್ಣಿನ ಮಾತು. ಇಲ್ಲಿ ಕಾಲು ಬೇಡ.

ತೇಲುವುದಕ್ಕೆ ‘ತೇಲುಚುಕ್ಕೆ’ ಸಾಕು ಅಂತ ನನಗನಿಸುತ್ತದೆ. ಹಳೆಯ ವೈದ್ಯರು ಲ್ಯಾಟಿನ್‌ನಲ್ಲಿ ಇದನ್ನು ‘ಹಾರುವ ನೊಣಗಳು’ ಅಂತಲೇ ಕರೆದಿದ್ದರು. ನಮ್ಮ ಜನರೂ ‘ಕಣ್ಣ ಮುಂದ ಗುಂಗುರು ಹಾರಿದಂಗ’ ಅನ್ನುತ್ತಾರೆ. ನೋಡಿದವರೆಲ್ಲ ಎಲ್ಲಿದ್ದರೂ ಒಂದೇ ಹೋಲಿಕೆ ಹುಡುಕಿದ್ದಾರೆ.

ಮಿಂಚಿನ ಬಗ್ಗೆ ಮಾತ್ರ ಹೆದರಬೇಕಾಗಿಲ್ಲ. ನನಗೆ ವರ್ಷಕ್ಕೆ ನಾಲ್ಕೈದು ಸಲ ಬರುತ್ತದೆ. ಗರಗಸದ ಹಲ್ಲಿನಂತೆ ಡೊಂಕುಡೊಂಕಾದ ಹೊಳೆಯುವ ಗೆರೆ, ಇಪ್ಪತ್ತು ನಿಮಿಷ ಹಿಗ್ಗುತ್ತಾ ಹೋಗಿ ಮಾಯ. ಡಾಕ್ಟರು ನೋಡಿ ಏನೂ ಇಲ್ಲ ಅಂದರು. ಇದಕ್ಕೆ ‘ಕಣ್ಮಿಂಚು’ ಅನ್ನಬಹುದು. ಕಣ್ಮಿಂಚು ನಿರಪಾಯಕಾರಿ ಅಂತ ಬೋರ್ಡಿನಲ್ಲಿ ಬರೆದುಬಿಡಿ.

ಮೈಸೂರಿನಿಂದ

ಧಾರವಾಡದ ಮೇಷ್ಟ್ರೇ, ದಯವಿಟ್ಟು ಹಾಗೆ ಬರೆಸಬೇಡಿ. ನಾನು ಮೂವತ್ತು ವರ್ಷ ಕಣ್ಣು ನೋಡಿ ಈಗ ನಿವೃತ್ತಳಾಗಿದ್ದೇನೆ. ನಿಮಗೆ ಬರುವುದು ಬಹುಶಃ ಅರೆತಲೆನೋವಿನ ಜಾತಿಯದು. ತಲೆ ನೋಯದೆಯೂ ಅದು ಬರಬಹುದು. ಅದು ಹುಟ್ಟುವುದು ಮಿದುಳಿನಲ್ಲಿ. ಹಾಗಾಗಿ ಯಾವ ಕಣ್ಣು ಮುಚ್ಚಿದರೂ ಕಾಣುತ್ತದೆ, ನಿಮಿಷಗಟ್ಟಲೆ ಇರುತ್ತದೆ. ಹಾಸನದ ಮಾವನವರದು ಒಂದೇ ಕಣ್ಣಿನದು, ಅಂಚಿನಲ್ಲಿ, ಕತ್ತಲಲ್ಲಿ, ಕಣ್ಣು ಹೊರಳಿಸಿದಾಗ, ಒಂದು ಕ್ಷಣ. ಎರಡಕ್ಕೂ ಜನ ‘ಮಿಂಚು’ ಅಂತಲೇ ಹೇಳುತ್ತಾರೆ. ಅದಕ್ಕೇ ನಾವು ಯಾವಾಗಲೂ ಕೇಳುತ್ತಿದ್ದೆವು: ಎಷ್ಟು ಹೊತ್ತು ಇತ್ತು? ಒಂದು ಕಣ್ಣಲ್ಲೋ ಎರಡರಲ್ಲೋ?

ಈಗ ‘ಕಳಚಿದೆ’ಗೆ ಬರುತ್ತೇನೆ. ಇಲ್ಲಿ ಕಳಚಬಹುದಾದವು ಎರಡಿವೆ. ಕಣ್ಣುಗುಡ್ಡೆಯೊಳಗೆ ಸುಮಾರು 4 ಎಂ.ಎಲ್. ಜೆಲ್ಲಿ ಇದೆ, ಬಹುಪಾಲು ನೀರೇ. ಅದರ ಹಿಂದೆ ಗೋಡೆಗೆ ಅಂಟಿಕೊಂಡು ಬೆಳಕನ್ನು ಹಿಡಿಯುವ ಅಕ್ಷಿಪಟಲ. ಜನ ಪರದೆ ಅನ್ನುವುದು ಅದಕ್ಕೆ. ಇನ್ನು ಗಟ್ಟಿ ಮೊಸರನ್ನು ನೆನೆಸಿಕೊಳ್ಳಿ. ಎರಡು ದಿನ ಇಟ್ಟರೆ ನೀರೊಡೆಯುತ್ತದೆ, ಗಡ್ಡೆ ಕುಗ್ಗಿ ಪಾತ್ರೆಯ ಅಂಚು ಬಿಡುತ್ತದೆ. ವಯಸ್ಸಾದಂತೆ ಆ ಜೆಲ್ಲಿಗೂ ಹೀಗೇ ಆಗುತ್ತದೆ. ಸಾಮಾನ್ಯವಾಗಿ 50 ದಾಟಿದ ಮೇಲೆ. ದೊಡ್ಡ ಮೈನಸ್ ಪವರ್ ಇದ್ದವರಿಗೆ, ಪೊರೆ ಆಪರೇಷನ್ ಆದವರಿಗೆ ಇನ್ನೂ ಬೇಗ. ಮಾವನವರಿಗೆ ಆಗಿರುವುದು ಇದು, ಚೀಟಿಯಲ್ಲಿರುವ ಪಿ.ವಿ.ಡಿ. ಅಂದರೆ ಇದೇ. ಮೈದುನ ಹೆದರಿದ್ದು ಇನ್ನೊಂದಕ್ಕೆ, ಅಕ್ಷಿಪಟಲವೇ ಗೋಡೆ ಬಿಟ್ಟು ಬರುವುದಕ್ಕೆ.

ಎರಡಕ್ಕೂ ಸಂಬಂಧ ಇದೆ, ಅದೇ ಕಷ್ಟ. ಜೆಲ್ಲಿ ಎಲ್ಲ ಕಡೆಯೂ ಸಲೀಸಾಗಿ ಬಿಡುವುದಿಲ್ಲ. ಒಂದೊಂದು ಕಡೆ ಜಾಸ್ತಿ ಅಂಟಿರುತ್ತದೆ. ಅಲ್ಲಿ ಎಳೆದಾಗ ಮಿಂಚು ಕಾಣುತ್ತದೆ. ಅಕ್ಷಿಪಟಲಕ್ಕೆ ನೋವು ಗೊತ್ತಿಲ್ಲ, ಎಳೆದರೂ ತಳ್ಳಿದರೂ ಅದಕ್ಕೆ ತಿಳಿಯುವುದು ಬೆಳಕು ಒಂದೇ. ತುಂಬಾ ಎಳೆದರೆ ಅಕ್ಷಿಪಟಲವೇ ಹರಿಯಬಹುದು. ಆ ಹರಿದ ಕಡೆಯಿಂದ ನೀರು ಹಿಂದೆ ನುಗ್ಗಿದರೆ, ತೇವ ಹಿಡಿದ ಗೋಡೆಯ ಗಾರೆ ಎದ್ದ ಹಾಗೆ ಅದು ಎದ್ದು ಬರುತ್ತದೆ. ಹೊಸದಾಗಿ ಮಿಂಚು, ಚುಕ್ಕೆ ಕಂಡು ಬಂದವರಲ್ಲಿ ಹತ್ತಕ್ಕೆ ಒಬ್ಬರಿಗೆ, ಸ್ವಲ್ಪ ಜಾಸ್ತಿಯೇ ಇರಬಹುದು, ಹರುಕು ಸಿಗುತ್ತದೆ. ಉಳಿದವರಿಗೆ ಎಲ್ಲೂ ಹರಿದಿರುವುದಿಲ್ಲ. ಆದರೆ ಯಾರು ಆ ಹತ್ತನೆಯವರು ಅಂತ ಹೊರಗಿನಿಂದ ಗೊತ್ತಾಗುವುದಿಲ್ಲ. ಪಾಪೆ ಹಿಗ್ಗಿಸಿಯೇ ನೋಡಬೇಕು.

ಪುಣೆಯಿಂದ

ಆ ಹತ್ತನೆಯವನು ನಾನು. ಮೈನಸ್ 7 ಕನ್ನಡಕ, ಆಗ 52 ವರ್ಷ. ಒಂದು ಚುಕ್ಕೆ ಬಂದಾಗ ತೋರಿಸಿದ್ದೆ, “ಏನೂ ತೊಂದರೆ ಇಲ್ಲ” ಅಂದರು. ಮೂರು ವಾರದ ಮೇಲೆ ಒಂದು ಸಂಜೆ ಮಸಿ ಉದುರಿಸಿದ ಹಾಗೆ ನೂರಾರು ಚುಕ್ಕೆ. ಆಗಲೇ ಏನೂ ಇಲ್ಲ ಅಂದಿದ್ದಾರಲ್ಲ ಅಂತ ನಾಲ್ಕು ದಿನ ಸುಮ್ನೆ ಇದ್ದೆ. ಆಮೇಲೆ ಹೋದಾಗ ಅಕ್ಷಿಪಟಲದಲ್ಲಿ ಕುದುರೆ ಲಾಳದ ಆಕಾರದ ಹರುಕು. ಅದೃಷ್ಟಕ್ಕೆ ಇನ್ನೂ ಎದ್ದಿರಲಿಲ್ಲ. ಕುರ್ಚಿಯಲ್ಲಿ ಕೂರಿಸಿ ಸುತ್ತಲೂ ಲೇಸರ್ ಹೊಡೆದರು, ತೋಟಕ್ಕೆ ಬೇಲಿ ಹಾಕಿದ ಹಾಗೆ. ಆ ಬೇಲಿ ಗಟ್ಟಿಯಾಗಲು ಎರಡು ವಾರ ಬೇಕು ಅಂದರು. ಈಗ ಚೆನ್ನಾಗಿದ್ದೇನೆ.

ನನ್ನ ತಕರಾರು ‘ಕಳಚಿದೆ’ ಮೇಲೆ ಅಲ್ಲ, ‘ಏನೂ ತೊಂದರೆ ಇಲ್ಲ’ ಅನ್ನುವ ಮಾತಿನ ಮೇಲೆ. ಆ ಮೂರು ಪದ ನನ್ನನ್ನು ನಾಲ್ಕು ದಿನ ಮನೆಯಲ್ಲಿ ಕೂರಿಸಿತು.

ಹಾಸನದಿಂದ

ಓದಿ ಎದೆ ಝಲ್ ಅಂತು. ಡಾಕ್ಟರಮ್ಮ, ಹಾಗಾದರೆ ಅವತ್ತು ಅವರು ಅಷ್ಟು ಹೊತ್ತು ಏನು ನೋಡಿದರು? ಮಾವನವರಿಗೆ ಮಲಗಿಸಿ ಕಣ್ಣು ಒತ್ತಿದ್ದು ಯಾಕೆ ಅಂತ ಇವತ್ತಿಗೂ ಬೇಜಾರು. ಅದನ್ನೂ ಬೋರ್ಡಿನಲ್ಲಿ ಬರೆಯಬೇಕು.

ಮೈಸೂರಿನಿಂದ

ಒತ್ತಿದ್ದಾರೆ ಅಂದರೆ ಸರಿಯಾಗಿಯೇ ನೋಡಿದ್ದಾರೆ, ಅವರಿಗೆ ಹೇಳಿ.

ಮೊದಲು ಅಕ್ಷರ ಓದಿಸಿ, ಪಾಪೆ ಬೆಳಕಿಗೆ ಕುಗ್ಗುತ್ತದಾ ಅಂತ, ಕಣ್ಣಿನ ಒತ್ತಡ ಎಷ್ಟಿದೆ ಅಂತ ನೋಡುತ್ತಾರೆ. ಡ್ರಾಪ್ಸ್ ಹಾಕಿದ ಮೇಲೆ ಪಾಪೆ ಕುಗ್ಗುವುದಿಲ್ಲ, ಆಗ ಒತ್ತಡ ಏರಬಹುದಾದ ಕಣ್ಣುಗಳೂ ಇವೆ. ಅದಕ್ಕೇ ಮೊದಲೇ ನೋಡಬೇಕು. ಗ್ಲಾಕೋಮಾ ಇದ್ದರೆ ಹೇಳಲೇಬೇಕು. ಡ್ರಾಪ್ಸ್ ಸ್ವಲ್ಪ ಉರಿಯುತ್ತದೆ, ಗಂಟಲಿಗೆ ಕಹಿ ಇಳಿಯುತ್ತದೆ. ಹತ್ತು ಹದಿನೈದು ನಿಮಿಷಕ್ಕೊಮ್ಮೆ ಎರಡು ಮೂರು ಸಲ ಹಾಕಿ ಅರ್ಧ ಗಂಟೆಯಾದರೂ ಕಾಯಬೇಕು. ಸಕ್ಕರೆ ಕಾಯಿಲೆಯವರಿಗೆ ಇನ್ನೂ ಹೊತ್ತು ಹಿಡಿಯುತ್ತದೆ. ಆಮೇಲೆ ನಾಲ್ಕೈದು ಗಂಟೆ ಹತ್ತಿರದ್ದು ಮಂಜು, ಬಿಸಿಲು ಕುಕ್ಕುತ್ತದೆ. ಸ್ಕೂಟರ್ ಓಡಿಸಬಾರದು.

ಗಲ್ಲ ಇಟ್ಟು ಕೂರುವ ಯಂತ್ರದಲ್ಲಿ ಬೆಳಕಿನ ಸೀಳನ್ನು ಕಣ್ಣೊಳಗೆ ಬಿಡುತ್ತಾರೆ. “ಮೇಲೆ ನೋಡಿ, ಕೆಳಗೆ ನೋಡಿ, ನೇರ ನೋಡಿ” ಅಂತ ಬೇಗಬೇಗ ಹೇಳುತ್ತಾರೆ. ಜೆಲ್ಲಿ ಅಲುಗಾಡಲಿ ಅಂತ. ಆಗ ಅದರಲ್ಲಿ ನಶ್ಯದ ಪುಡಿಯಂಥ ಕಂದು ಕಣ ತೇಲಿದರೆ ಎಲ್ಲೋ ಹರಿದಿರುವ ಸಾಧ್ಯತೆ ಬಹಳ. ನಾವು ‘ತಂಬಾಕಿನ ಧೂಳು’ ಅಂತಲೇ ಅನ್ನುತ್ತಿದ್ದೆವು. ಅದು ಕಂಡರೆ ಹರುಕು ಸಿಗುವವರೆಗೆ ಹುಡುಕುವುದನ್ನು ಬಿಡುವ ಹಾಗಿಲ್ಲ. ರಕ್ತ ಕಂಡರಂತೂ ಇನ್ನೂ ಜಾಗ್ರತೆ. ರಕ್ತ ತುಂಬಿ ಹಿಂದೆ ಏನೂ ಕಾಣದಿದ್ದರೆ ಸ್ಕ್ಯಾನ್.

ಹರುಕು ಆಗುವುದು ಹೆಚ್ಚಾಗಿ ಅಕ್ಷಿಪಟಲದ ಅಂಚಿನಲ್ಲಿ. ನೇರ ನೋಡಿದರೆ ಅದು ಕಾಣುವುದಿಲ್ಲ. ಮಲಗಿಸಿ, ತಲೆಗೆ ದೀಪ ಕಟ್ಟಿಕೊಂಡು, ಕೈಯಲ್ಲಿ ಲೆನ್ಸ್ ಹಿಡಿದು ಎಂಟು ದಿಕ್ಕಿಗೂ ನೋಡಿಸುತ್ತಾರೆ. ಒಂದು ಪುಟ್ಟ ಕಡ್ಡಿಯಿಂದ ರೆಪ್ಪೆಯ ಮೇಲೆ ಒತ್ತಿದಾಗ ಆ ಅಂಚು ಒಳಕ್ಕೆ ಉಬ್ಬಿ ಕಣ್ಣಿಗೆ ಬೀಳುತ್ತದೆ. ಚೀಲದ ಮೂಲೆಯಲ್ಲಿ ಕಾಳು ಉಳಿದಿದೆಯಾ ಅಂತ ನೋಡಲು ಹೊರಗಿನಿಂದ ಮೂಲೆ ತಳ್ಳುತ್ತೀವಲ್ಲ, ಹಾಗೆ. ಅಹಿತ ಅನಿಸುತ್ತದೆ, ಅಪಾಯ ಇಲ್ಲ.

ಮಾವನವರು ಕಂಡ ಸೊನ್ನೆ ನನಗೆ ಬಹಳ ಹಿಡಿಸಿತು. ಜೆಲ್ಲಿ ಕಣ್ಣಿನ ನರದ ಸುತ್ತ ಉಂಗುರದ ಹಾಗೆ ಅಂಟಿರುತ್ತದೆ. ಬಿಟ್ಟಾಗ ಆ ಉಂಗುರವೂ ಕಿತ್ತು ಬಂದು ತೇಲುತ್ತದೆ. ಅವರು ಪೇಪರ್ ಮೇಲೆ ನೋಡಿದ್ದು ಅದರ ನೆರಳು. ಅದೇ ಉಂಗುರ ಡಾಕ್ಟರಿಗೂ ಕಂಡಿರುತ್ತದೆ.

ಪುಣೆಯವರ ಮಾತು ಒಪ್ಪುತ್ತೇನೆ. ‘ಏನೂ ತೊಂದರೆ ಇಲ್ಲ’ ಅಲ್ಲ, ‘ಇವತ್ತು ಎಲ್ಲೂ ಹರಿದಿಲ್ಲ’ ಅನ್ನಬೇಕು. ಜೆಲ್ಲಿ ಪೂರ್ತಿ ಬಿಡಲು ವಾರಗಳು ಹಿಡಿಯಬಹುದು, ಅದಕ್ಕೇ ಆರು ವಾರಕ್ಕೆ ಮತ್ತೆ ಕರೆಯುವುದು. ಆ ನಡುವೆ ಚುಕ್ಕೆ ಒಮ್ಮೆಲೇ ಜಾಸ್ತಿಯಾದರೆ, ಪಕ್ಕದಿಂದ ನೆರಳು ಸರಿದು ಬಂದರೆ, ದೃಷ್ಟಿ ಮಂಜಾದರೆ ಅವತ್ತೇ ಹೋಗಬೇಕು. ನೋವಿಲ್ಲ ಅಂತ ಕಾಯಬಾರದು. ವರ್ಷಗಳಿಂದ ಇದ್ದು ಬದಲಾಗದ ಒಂದೆರಡು ಎಳೆಗೆ ಈ ಗಾಬರಿ ಬೇಡ.

ಪದಕ್ಕೆ ಬಂದರೆ, ಅಡುಗೆಮನೆಯಲ್ಲಿ ಮೈಸೂರುಪಾಕು ‘ತಳ ಬಿಡ್ತು’ ಅನ್ನುತ್ತೇವೆ. ‘ಜೆಲ್ಲಿ ಬಿಟ್ಟಿದೆ’ ಅನ್ನೋಣ. ‘ಪರದೆ ಕಿತ್ತಿದೆ’ ಅನ್ನುವುದು ಇನ್ನೊಂದಕ್ಕೆ. ‘ಪೊರೆ’ಯನ್ನು ಕ್ಯಾಟರಾಕ್ಟಿಗೇ ಬಿಡೋಣ.

ಧಾರವಾಡದಿಂದ

ಡಾಕ್ಟರಮ್ಮ, ಮಿಂಚಿನ ವಿಷಯದಲ್ಲಿ ನನ್ನ ತಪ್ಪು ಒಪ್ಪಿದೆ. ಆದರೆ ‘ಬಿಟ್ಟಿದೆ’ ಸರಿ ಕಾಣುವುದಿಲ್ಲ. ‘ಬಿಟ್ಟಿದೆ’ ಅಂದರೆ ಕಾಯಿಲೆ ವಾಸಿಯಾಗಿದೆ ಅಂತಲೂ ಆಗುತ್ತದೆ. ‘ಜ್ವರ ಬಿಟ್ಟಿತು’ ಅನ್ನುತ್ತೇವಲ್ಲ. ‘ಜೆಲ್ಲಿ ಸರಿದಿದೆ’ ಅಂದರೆ ಹೇಗೆ?

ಮೈಸೂರಿನಿಂದ

‘ಸರಿದಿದೆ’ ಅಂದರೆ ಜಾಗ ಬದಲಾಯಿಸಿದ ಹಾಗೆ ಕೇಳಿಸುತ್ತದೆ. ಮೂಳೆ ಸರಿದಿದೆ ಅಂದ ಹಾಗೆ, ಮತ್ತೆ ಕೂರಿಸಿ ಅಂತ ಬರುತ್ತಾರೆ. ಬಿಟ್ಟ ಜೆಲ್ಲಿಯನ್ನು ಮತ್ತೆ ಅಂಟಿಸುವುದಿಲ್ಲ, ಬೇಕಾಗಿಯೂ ಇಲ್ಲ.

ಹಾಸನದಿಂದ

ಸದ್ಯಕ್ಕೆ ಬೋರ್ಡಿನಲ್ಲಿ ‘ಜೆಲ್ಲಿ ಅಂಚು ಬಿಟ್ಟಿದೆ’ ಅಂತ ಬರೆದೆ, ಕೆಳಗೆ ಮೊಸರಿನ ಪಾತ್ರೆಯ ಚಿತ್ರ. ‘ಪರದೆ ಬಂದ ಹಾಗೆ ಕಂಡರೆ ಓಡಿ’ ಅಂತ ಬರೆದಿದ್ದೆ. ಅಕ್ಷಿಪಟಲಕ್ಕೂ ಪರದೆ ಅಂತಲೇ ಬರೆದಿದ್ದರಿಂದ ಅತ್ತೆ ಓದಿ ಯಾವ ಪರದೆ ಅಂತ ಕೇಳಿದರು. ಅದನ್ನು ‘ಪಕ್ಕದಿಂದ ಕಪ್ಪು ನೆರಳು’ ಅಂತ ತಿದ್ದಿದೆ. ಕರಾವಳಿ ಕಡೆಯವರು, ಕೊಡಗಿನವರು ಇನ್ನೂ ಯಾರೂ ಬರೆದಿಲ್ಲ. ನಿಮ್ಮ ಮನೆಯ ಹಿರಿಯರು ಈ ಚುಕ್ಕೆಗೆ, ಈ ಮಿಂಚಿಗೆ ಏನಂತಾರೆ?