ಸಹಾಯ ಬೇಕು: ಕಾಗದದ ಗೊಂಬೆಯ ಮುಷ್ಟಿ ಬಿಚ್ಚುವುದು ಹೇಗೆ?

ಸಾವು ಕಾಣದ ಮನೆಯಿಂದ ಸಾಸಿವೆ ತರಲು ಹೊರಟ ಕಿಸಾಗೋತಮಿಯ ಕಥೆಯನ್ನು ಕಾಗದ ಕತ್ತರಿಸಿ, ಒಂದು ನಿಮಿಷದ ಸ್ಟಾಪ್ ಮೋಷನ್ ಚಿತ್ರವಾಗಿ ಮಾಡುತ್ತಿದ್ದೇನೆ. ಮೇಜಿನ ಮೇಲೆ ಹಿನ್ನೆಲೆ, ನೇರ ಮೇಲೆ ಮೊಬೈಲ್. ಸೆಕೆಂಡಿಗೆ 8 ಫೋಟೊ, ಒಟ್ಟು 480.

ಮನೆಮನೆ ಅಲೆಯುವ ಭಾಗ ಅಗ್ಗದಲ್ಲಿ ಮುಗಿಯಿತು. ಗೋಡೆ ಒಂದೇ, ಬಾಗಿಲು ಮಾತ್ರ ಬೇರೆ. ಮೊದಲ ಬಾಗಿಲಿಗೆ 6 ಸೆಕೆಂಡು, ಮುಂದಿನದಕ್ಕೆ 3, ಆಮೇಲೆ ಒಂದೊಂದೇ. ನಿರಾಸೆ ತಾನಾಗಿ ವೇಗ ಪಡೆಯುತ್ತದೆ.

ತೊಡಕು ಕೊನೆಯ ಶಾಟ್‌ನಲ್ಲಿ. ಅವಳ ಮುಷ್ಟಿ ಬಿಚ್ಚಿ ಬರಿಯ ಅಂಗೈ ಕಾಣಬೇಕು, ಆದರೆ ಗೊಂಬೆಯ ಕೈ ಉಗುರಿನಷ್ಟಿದೆ. ಮೊಬೈಲ್ ಕೆಳಗಿಳಿಸಿದರೆ ಚೌಕಟ್ಟು ಜಿಗಿಯುತ್ತದೆ. ಆದ್ದರಿಂದ ದೊಡ್ಡ ಕೈಯನ್ನೇ ಬೇರೆಯಾಗಿ ಕತ್ತರಿಸಿ, ನೇರವಾಗಿ ಸಮೀಪದ ಶಾಟ್‌ಗೆ ಹೋಗುವ ಯೋಚನೆ. ಬೆರಳುಗಳಿಗೆ ದಾರದ ಕೀಲು ಹಾಕಲೇ, ಅಥವಾ ಮುಷ್ಟಿ, ಅರೆಬಿಚ್ಚಿದ ಕೈ, ಅಂಗೈ ಎಂದು ಬೇರೆ ಬೇರೆ ತುಂಡುಗಳನ್ನು ಬದಲಿಸಲೇ? ನಿಧಾನ ಚಲನೆಗೆ ಎಷ್ಟು ತುಂಡು ಬೇಕು?

ಇನ್ನೊಂದು: ಕಿಟಕಿ ಮುಚ್ಚಿ, ಎಕ್ಸ್‌ಪೋಶರ್, ವೈಟ್ ಬ್ಯಾಲೆನ್ಸ್ ಎರಡನ್ನೂ ಲಾಕ್ ಮಾಡಿದರೂ ಬೆಳಕು ಮಿನುಗುತ್ತಿದೆ. ಎಲ್‌ಇಡಿ ದೀಪದ ಮೇಲೆ ನನಗೆ ಅನುಮಾನ. ಶಟರ್ ವೇಗ ತಗ್ಗಿಸಿದರೆ ಸಾಕೇ, ಅಥವಾ ನನ್ನ ಬಿಳಿ ಅಂಗಿಯ ಪ್ರತಿಫಲನವೂ ಕಾರಣವಿರಬಹುದೇ? ಅನುಭವವಿರುವವರು ದಯವಿಟ್ಟು ತಿಳಿಸಿ.