ಗೆರೆ ಪುಸ್ತಕದ ಕೈಬರಹ: ಗೆರೆ ತೆಗೆದರೆ ಅಕ್ಷರವೂ ಹರಿಯುತ್ತಿದೆ

ಪ್ರಶ್ನೆ: ಯಕ್ಷಗಾನ ಪ್ರಸಂಗದ ಹಳೆಯ ನೋಟ್‌ಬುಕ್ ಒಂದಿದೆ. ನೀಲಿ ಗೆರೆ, ಕೆಂಪು ಮಾರ್ಜಿನ್, ಕಪ್ಪು ಶಾಯಿ. ಸ್ಕ್ಯಾನ್ ಮಾಡಿ ಗೆರೆ ಅಳಿಸಿದೆ. ಈಗ ಓದುವ ತಂತ್ರಾಂಶ ‘ಭೀಮ’ನನ್ನು ‘ಬೀಮ’ ಎನ್ನುತ್ತದೆ, ‘ಧರ್ಮಜ’ನನ್ನು ‘ದರ್ಮಜ’ ಎನ್ನುತ್ತದೆ. ಎಲ್ಲಿ ತಪ್ಪಿದೆ?

ಒಬ್ಬರು: ಫೋನಿನ ಸ್ಕ್ಯಾನ್ ಆ್ಯಪ್‌ನಲ್ಲಿ ಬ್ಲ್ಯಾಕ್ ಆ್ಯಂಡ್ ವೈಟ್ ಒತ್ತಿ, ಬ್ರೈಟ್‌ನೆಸ್ ಏರಿಸಿ ಸಾಕು. ಗೆರೆ ತಾನಾಗಿಯೇ ಮಾಯವಾಗುತ್ತದೆ.

ಹಸ್ತಪ್ರತಿ ಡಿಜಿಟಲೀಕರಣ ಮಾಡುವವರು: ಗೆರೆ ಮಾಯವಾಗುವುದು ನಿಜ ಸರ್, ಆದರೆ ಪೆನ್ನು ಹಗುರವಾಗಿ ತಾಗಿದ ಕಡೆಯೂ ಜೊತೆಗೇ ಹೋಗುತ್ತದೆ. ಬಣ್ಣವನ್ನು ಬೂದಿಗೆ ಇಳಿಸಿದ ಕೂಡಲೇ ನೀಲಿ ಗೆರೆಯೂ ತೆಳು ಶಾಯಿಯೂ ಹತ್ತಿರ ಹತ್ತಿರ ಬಂದುಬಿಡುತ್ತವೆ.

ಪ್ರಶ್ನೆ ಕೇಳಿದವರಿಗೆ: ದ ಮತ್ತು ಧ, ಬ ಮತ್ತು ಭ ಬೇರೆಯಾಗುವುದು ಅಕ್ಷರದ ಬುಡದಲ್ಲಿರುವ ಒಂದು ಪುಟ್ಟ ಸೀಳಿನಿಂದ. ಬರೆಯುವವರು ಅಕ್ಷರವನ್ನು ಗೆರೆಯ ಮೇಲೆ ಕೂರಿಸುತ್ತಾರೆ, ಹಾಗಾಗಿ ಆ ಸೀಳು ಸರಿಯಾಗಿ ಗೆರೆಯ ಮೇಲೇ ಬೀಳುತ್ತದೆ. ಗೆರೆಯನ್ನು ಹುಡುಕಿ ಒರೆಸಿದರೆ ಮೊದಲು ಹೋಗುವುದು ಅದೇ. ನಿಮ್ಮಲ್ಲಿ ಆಗಿರುವುದೂ ಇದೇ ಇರಬೇಕು.

ಶಾಯಿ ಕಪ್ಪಾಗಿದ್ದರೆ ಒರೆಸುವ ಗೋಜೇ ಬೇಡ. ಬಣ್ಣದಲ್ಲೇ, 300 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ PNG ಆಗಿ ಉಳಿಸಿ. ಆಮೇಲೆ ಪ್ರತಿ ಚುಕ್ಕೆಯಲ್ಲೂ ಕೆಂಪು, ಹಸಿರು, ನೀಲಿ ಮೂರರಲ್ಲಿ ಅತಿ ಹೆಚ್ಚಿನದನ್ನು ಮಾತ್ರ ಇಟ್ಟುಕೊಳ್ಳಿ. ಉದಾಹರಣೆಗೆ, ಹಳದಿಗಟ್ಟಿದ ಕಾಗದ 240, 230, 205 ಇದ್ದರೆ ಉಳಿಯುವುದು 240. ನೀಲಿ ಗೆರೆ 150, 175, 200 ಇದ್ದರೆ 200. ಕೆಂಪು ಮಾರ್ಜಿನ್ 228, 150, 145 ಇದ್ದರೆ 228. ಕಪ್ಪು ಶಾಯಿಯಲ್ಲಿ ಮೂರೂ ಕಡಿಮೆಯೇ, ತೆಳುವಾಗಿ ತಾಗಿದ ಕಡೆಯೂ 130ರ ಆಸುಪಾಸು. ಅಂದರೆ 130ಕ್ಕೂ 200ಕ್ಕೂ ನಡುವೆ ಒಳ್ಳೆಯ ಅಂತರ ಸಿಗುತ್ತದೆ, 165ರಲ್ಲಿ ಕತ್ತರಿಸಬಹುದು. ಶಾಯಿ ಗೆರೆಯನ್ನು ದಾಟುವ ಜಾಗವೂ ಕಪ್ಪಾಗಿಯೇ ಇರುವುದರಿಂದ ಅಕ್ಷರ ತುಂಡಾಗುವುದಿಲ್ಲ. ImageMagickನಲ್ಲಿ ಇದನ್ನು ಹೀಗೆ ಮಾಡಬಹುದು:

```
magick puta.png -separate -evaluate-sequence Max -threshold 65% shayi.png
```

65% ಅಂದರೆ 255ರಲ್ಲಿ ಸುಮಾರು 166. ನಿಮ್ಮ ಪುಟದ ಸಂಖ್ಯೆ ಬೇರೆ ಇರುತ್ತದೆ. GIMPನಲ್ಲಿ ಗೆರೆ, ಕಾಗದ, ತೆಳು ಶಾಯಿ ಮೂರರ ಮೇಲೂ ಬಣ್ಣ ಹೆಕ್ಕುವ ಉಪಕರಣ ಇಟ್ಟು ಅಳೆದು ನೋಡಿ, ಆಮೇಲೆ ಮಿತಿ ಹಾಕಿ.

ಇನ್ನೊಬ್ಬರು: ನೀಲಿ ಚಾನೆಲ್ ಒಂದನ್ನೇ ತೆಗೆದುಕೊಂಡರೂ ಸಾಕಲ್ಲ?

ಹಸ್ತಪ್ರತಿ ಡಿಜಿಟಲೀಕರಣ ಮಾಡುವವರು: ನೀಲಿ ಗೆರೆಯ ಮಟ್ಟಿಗೆ ಸಾಕು. ಆದರೆ ಮೇಲಿನ ಕೆಂಪು ಮಾರ್ಜಿನ್ ಅದರಲ್ಲಿ 145ಕ್ಕೆ ಇಳಿದು ಶಾಯಿಯ ಜೊತೆ ಸೇರಿಕೊಳ್ಳುತ್ತದೆ. ಪುಟದುದ್ದಕ್ಕೂ ದಪ್ಪ ಕಂಬ ನಿಂತ ಹಾಗೆ ಕಾಣುತ್ತದೆ.

ಪ್ರಶ್ನೆ ಕೇಳಿದವರು: ಮಾಡಿದೆ. ಕಪ್ಪಿನ ಪುಟಗಳು ಚೆನ್ನಾಗಿ ಬಂದವು, ಸೀಳೂ ಉಳಿದಿದೆ. ಆದರೆ ನಡುವೆ ಹನ್ನೆರಡು ಪುಟ ನೀಲಿ ಬಾಲ್‌ಪೆನ್ನಿನಲ್ಲಿವೆ. ಅಲ್ಲಿ ಅಕ್ಷರ ಅಲ್ಲಲ್ಲಿ ಹರಿಯಿತು. ಫೋನಿನಲ್ಲಿ ತೆಗೆದು ವಾಟ್ಸ್‌ಆ್ಯಪ್‌ನಲ್ಲಿ ಬಂದ ಎರಡು ಪುಟವಂತೂ ಪೂರಾ ಕೆಟ್ಟವು.

ಹಸ್ತಪ್ರತಿ ಡಿಜಿಟಲೀಕರಣ ಮಾಡುವವರು: ವಾಟ್ಸ್‌ಆ್ಯಪ್ ಫೋಟೋವನ್ನು ಒತ್ತಿ ಕುಗ್ಗಿಸುವಾಗ ಬಣ್ಣವನ್ನು ಅಕ್ಕಪಕ್ಕಕ್ಕೆ ಹರಡುತ್ತದೆ, ಗೆರೆಯ ನೀಲಿ ಶಾಯಿಯ ಅಂಚಿಗೂ ಮೆತ್ತಿಕೊಳ್ಳುತ್ತದೆ. ಆ ಎರಡನ್ನು ಡಾಕ್ಯುಮೆಂಟ್ ಆಗಿ ಮತ್ತೆ ತರಿಸಿಕೊಳ್ಳಿ.

ನೀಲಿ ಪೆನ್ನಿಗೆ ಬಣ್ಣ ಅಷ್ಟಾಗಿ ನೆರವಾಗದು, ಆಕಾರವನ್ನೇ ನಂಬಬೇಕು. ಮೊದಲು ಪುಟದ ಓರೆ ಸರಿಪಡಿಸಿ. ಒಂದು ಡಿಗ್ರಿ ವಾಲಿದ್ದರೂ 120 ಪಿಕ್ಸೆಲ್ ಉದ್ದದಲ್ಲಿ ಗೆರೆ ಎರಡು ಪಿಕ್ಸೆಲ್ ಜಾರುತ್ತದೆ, ಗೆರೆಯ ದಪ್ಪವೇ ಮೂರರಷ್ಟು. ಆಮೇಲೆ ಪುಟವನ್ನು ಕಪ್ಪು ಬಿಳುಪಿಗೆ ತಂದು, 120 ಪಿಕ್ಸೆಲ್‌ಗಿಂತ ಉದ್ದದ ಅಡ್ಡ ಗೆರೆಗಳನ್ನಷ್ಟೇ ಹುಡುಕಿ. ತಲೆಕಟ್ಟು ಸಾಮಾನ್ಯವಾಗಿ ಇದಕ್ಕಿಂತ ಚಿಕ್ಕದು, ಅದು ಬಚಾವಾಗುತ್ತದೆ. ಸಿಕ್ಕ ಗೆರೆಯನ್ನು ಸಾರಾಸಗಟಾಗಿ ಅಳಿಸಬೇಡಿ. ಒಂದೊಂದು ಕಂಬಸಾಲಿನಲ್ಲೂ ಕಪ್ಪು ಎಷ್ಟು ಎತ್ತರ ಇದೆ ಎಂದು ನೋಡಿ: ನಾಲ್ಕು ಪಿಕ್ಸೆಲ್‌ನೊಳಗಿದ್ದರೆ ಬರೀ ಗೆರೆ, ಅಳಿಸಿ. ಹೆಚ್ಚಿದ್ದರೆ ಅಲ್ಲಿ ಅಕ್ಷರ ಹಾದುಹೋಗಿದೆ, ಬಿಟ್ಟುಬಿಡಿ.

ಕೊನೆಗೆ, ತೆಗೆದುಹಾಕಿದ ಭಾಗವನ್ನಷ್ಟೇ ಬೇರೆ ಚಿತ್ರವಾಗಿ ತೆರೆಯಿರಿ. ಅದರಲ್ಲಿ ಗೆರೆ ಬಿಟ್ಟು ಚುಕ್ಕೆಯೋ ಕೊಂಬೋ ಕಂಡರೆ ಅಕ್ಷರ ತಿಂದಿದೆ ಎಂದರ್ಥ.

ಮತ್ತೊಬ್ಬರು: ನನ್ನದು ಗ್ರಾಫ್ ಹಾಳೆಯ ಜೆರಾಕ್ಸ್, ಚೌಕ ಒಂದು ಮಿಲಿಮೀಟರ್. ಇದೇ ನಡೆಯುತ್ತದಾ?

ಹಸ್ತಪ್ರತಿ ಡಿಜಿಟಲೀಕರಣ ಮಾಡುವವರು: ಕಷ್ಟ ಮೇಡಂ. 300 ಡಿಪಿಐನಲ್ಲಿ ಆ ಗೆರೆಗಳು 12 ಪಿಕ್ಸೆಲ್‌ಗೊಂದು ಬರುತ್ತವೆ, ಜೆರಾಕ್ಸ್‌ನಲ್ಲಿ ಬಣ್ಣವೂ ಉಳಿದಿಲ್ಲ. ಒಂದೇ ಅಕ್ಷರದ ಮೇಲೆ ನಾಲ್ಕೈದು ಗೆರೆ ಅಡ್ಡವೂ ಉದ್ದವೂ ಹಾಯುತ್ತವೆ, ಎಲ್ಲವನ್ನೂ ತೆಗೆದರೆ ಅಕ್ಷರ ಜಾಲರಿಯಾಗುತ್ತದೆ. ಮೂಲ ಹಾಳೆ ಸಿಕ್ಕಿದರೆ, ಚೌಕ ಹಸಿರೋ ಕಿತ್ತಳೆಯೋ ಇದ್ದು ಬರಹ ಕಪ್ಪಾಗಿದ್ದರೆ, ಮೇಲಿನ ಮೂರು ಬಣ್ಣದ ದಾರಿಯೇ ಸಾಕು.

ಇನ್ನೊಬ್ಬರು: ಮೂಲ ಸಿಗದಿದ್ದರೆ? ಗೆರೆ ಸಮನಾದ ಅಂತರದಲ್ಲಿ ಮರುಕಳಿಸುವುದರಿಂದ ಫೂರಿಯೇ ಪರಿವರ್ತನೆಯಲ್ಲಿ ಹಿಡಿದು ತೆಗೆಯಬಹುದಲ್ಲವೇ?

ಹಸ್ತಪ್ರತಿ ಡಿಜಿಟಲೀಕರಣ ಮಾಡುವವರು: ಬೂದಿ ಛಾಯೆ ಉಳಿದಿರುವ ಪ್ರತಿಯಾದರೆ ಗೆರೆ ಮಸುಕಾಗುತ್ತದೆ. ಹಾಳೆ ಮಡಿಸಿ ಸುಕ್ಕಾಗಿದ್ದರೆ ಅಂತರ ಸಮ ಇರುವುದಿಲ್ಲ, ಹಿಡಿತ ತಪ್ಪುತ್ತದೆ. ಮೇಡಂ, ಒಂದು ಹಾಳೆಯನ್ನು ಬೂದಿ ಛಾಯೆಯಲ್ಲಿ ಸ್ಕ್ಯಾನ್ ಮಾಡಿ ಇಲ್ಲಿ ಹಾಕಿ, ನೋಡೋಣ.