ಪದಚರ್ಚೆ: ಎಕ್ಸೆಲ್‌ನ ‘ಪಿವಟ್ ಟೇಬಲ್’ಗೆ ಕನ್ನಡದಲ್ಲಿ ಏನನ್ನೋಣ? ಇವತ್ತೇ ಬೇಕು

ಗಂಗಾವತಿಯಿಂದ:
ಅಕ್ಕಿ ಗಿರಣಿ ಗುಮಾಸ್ತರಿಗೆ ನಾಳೆ ತರಬೇತಿ ಇದೆ, ಕೈಪಿಡಿ ಸಂಜೆಯೊಳಗೆ ಅಚ್ಚಿಗೆ ಹೋಗಬೇಕು. ಮಾರಾಟದ ಹಾಳೆಯಲ್ಲಿ ದಿನಾಂಕ, ಮಾಲು, ಊರು, ಮೊತ್ತ ಇವೆ. ಪಿವಟ್ ಟೇಬಲ್‌ನಲ್ಲಿ Rows ಕಡೆ ದಿನಾಂಕ, ಮಾಲು, Columns ಕಡೆ ಊರು, Values ಕಡೆ ಮೊತ್ತ ಎಳೆದು ಹಾಕಿ, ದಿನಾಂಕವನ್ನು ತಿಂಗಳುವಾರು ಗುಂಪು ಮಾಡಿದರೆ ಯಾವ ತಿಂಗಳು ಯಾವ ಊರಿಗೆ ಎಷ್ಟು ರೂಪಾಯಿಯ ನುಚ್ಚು, ಎಷ್ಟು ರೂಪಾಯಿಯ ಸೋನಾ ಮಸೂರಿ ಹೋಯಿತು ಅಂತ ಗೊತ್ತಾಗುತ್ತದೆ. ‘ತಿರುಗುವ ಕೋಷ್ಟಕ’ ಅಂತ ಬರೆದೆ, ಬಾಯಿಗೆ ಹತ್ತುತ್ತಿಲ್ಲ.

ಕೊಪ್ಪಳದಿಂದ:
ಕೋಷ್ಟಕ ಸಂಸ್ಕೃತ, ಬಿಡಿ. ‘ತಿರುಗಣಿಪಟ್ಟಿ’ ಅನ್ನಿ. ಹಳೇ ಮನೆ ಬಾಗಿಲು ತಿರುಗುವುದು ತಿರುಗಣಿಯ ಮೇಲೆಯೇ. ಊರನ್ನು ಅಡ್ಡದಿಂದ ಉದ್ದಕ್ಕೆ ಎಳೆದರೆ ಪಟ್ಟಿಯೂ ಹಾಗೇ ತಿರುಗುತ್ತದೆ.

ರಾಯಚೂರಿನಿಂದ:
ತಿರುಗುವುದು ಸರಿ, ಆದರೆ ಗುಮಾಸ್ತನಿಗೆ ಬೇಕಾದದ್ದು ಸಾರ. ನೂರಾರು ಸಾಲುಗಳನ್ನು ಒಂದು ಪುಟಕ್ಕೆ ಇಳಿಸಿದ ಲೆಕ್ಕಕ್ಕೆ ನಮ್ಮ ಕಡೆ ‘ಗೋಷ್ವಾರೆ’ ಅಂತಾರೆ. ಪಾರಸಿಯ ಗೋಶ್ವಾರ, ಕಿವಿಯೋಲೆಗೂ ಅದೇ ಪದ.

ಕೊಪ್ಪಳದಿಂದ:
ನಿಜಾಮನ ಆಳಿಕೆ 1948ಕ್ಕೇ ಮುಗಿಯಿತು. ಅವನ ದಫ್ತರದ ಪದ ಬೇಡ.

ರಾಯಚೂರಿನಿಂದ:
ಹಾಗಾದರೆ ಜಮಾ, ಖರ್ಚು, ಬಾಕಿ ಬಿಟ್ಟು ಒಂದು ದಿನದ ಲೆಕ್ಕ ಬರೆದು ತೋರಿಸಿ.

ಬಳ್ಳಾರಿಯಿಂದ:
ಹೆಸರು ಏನಾದರೂ ಇಡಿ, ನನ್ನದೊಂದು ಬಗೆಹರಿಸಿ. ನಮ್ಮದು ಜೀನ್ಸ್ ಹೊಲಿಗೆ. ಜೂನ್‌ನಲ್ಲಿ ಹೊಸಪೇಟೆಗೆ 40,000, 25,000, 15,000ದ ಮೂರು ಬಿಲ್ ಹೋಗಿವೆ. ಪಿವಟ್ ಟೇಬಲ್‌ನ ಆ ಮನೆಯಲ್ಲಿ ಬರುವುದು ಬರೀ 3!

ಕೊಪ್ಪಳದಿಂದ:
Count ಆಗಿದೆ. Sum ಮಾಡಿ, ಸರಿಯಾಗುತ್ತದೆ.

ಬಳ್ಳಾರಿಯಿಂದ:
ಮಾಡಿದೆ ಅಣ್ಣಾ. ಈಗ 65,000 ತೋರಿಸುತ್ತಿದೆ.

ರಾಯಚೂರಿನಿಂದ:
ಅಮ್ಮಾ, ಮೂರನೆಯದನ್ನು ಯಾರೋ ‘15,000 ರೂ’ ಅಂತ ಬರೆದಿದ್ದಾರೆ ನೋಡಿ. ಅದು ಅಂಕಿಯಲ್ಲ, ಅಕ್ಷರ. ಕಾಲಂನಲ್ಲಿ ಅಂಥದ್ದೊಂದಿದ್ದರೂ ಎಕ್ಸೆಲ್ ಕೂಡುವ ಬದಲು ಎಣಿಸಲು ಶುರು ಮಾಡುತ್ತದೆ. ನೀವು ಬಲವಂತವಾಗಿ Sum ಮಾಡಿದರೆ ಆ ಬಿಲ್ಲನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತದೆ. 3 ಬಂದಾಗ ತಪ್ಪು ಕಣ್ಣಿಗೆ ಬೀಳುತ್ತಿತ್ತು, 65,000 ಬಂದರೆ ಬೀಳುವುದಿಲ್ಲ. ಆ ಮನೆಯ ಮೇಲೆ ಎರಡು ಸಲ ಒತ್ತಿ, ಮೂರೂ ಬಿಲ್ ಬೇರೆ ಹಾಳೆಯಲ್ಲಿ ತೆರೆದುಕೊಳ್ಳುತ್ತವೆ. ಎಡಕ್ಕೆ ಅಂಟಿಕೊಂಡಿರುವುದೇ ಕಳ್ಳ. ಮೂಲ ಹಾಳೆಯಲ್ಲಿ ‘ರೂ’ ಅಳಿಸಿ, ಆಮೇಲೆ Refresh ಒತ್ತಿ. ಒತ್ತದಿದ್ದರೆ ಹಳೆಯದೇ ನಿಂತಿರುತ್ತದೆ.

ಗಂಗಾವತಿಯವರೆ, ನಿಮಗೂ ಇದರಲ್ಲಿ ಒಂದು ಮಾತಿದೆ. ಕಾಲಂ ಹೆಸರೂ ‘ಮೊತ್ತ’, Sum ಅನ್ನೂ ‘ಮೊತ್ತ’ ಅಂದರೆ ಗುಮಾಸ್ತ ಗಲಿಬಿಲಿಯಾಗುತ್ತಾನೆ. Sumಗೆ ‘ಕೂಡಿಕೆ’, Countಗೆ ‘ಎಣಿಕೆ’ ಅನ್ನಿ. ಟೇಬಲ್ ಹೆಸರಿಗಿಂತ ಇದು ಮುಖ್ಯ.

ಬಳ್ಳಾರಿಯಿಂದ:
80,000 ಬಂತು!

ಗಂಗಾವತಿಯಿಂದ:
ಕೂಡಿಕೆ, ಎಣಿಕೆ ಹಾಕಿದೆ. ತಲೆಬರಹ ‘ಪಿವಟ್ ಗೋಷ್ವಾರೆ’. ಪರದೆಯ ಮೇಲೆ PivotTable ಅಂತಲೇ ಇರುವುದರಿಂದ ಪಿವಟ್ ಬಿಡಲಾಗದು.

ಕೊಪ್ಪಳದಿಂದ:
ಅರ್ಧ ಇಂಗ್ಲಿಷು, ಅರ್ಧ ಪಾರಸಿ. ಕನ್ನಡ ಎಲ್ಲಿ? ನಾನು ಒಪ್ಪುವುದಿಲ್ಲ.